ಹುಡುಕುವುದು ಓದಲ್ಲ

"ಪ್ಯಾಸೇಜ್ ಓದಬೇಡಿ. ಮೊದಲು ಪ್ರಶ್ನೆ ಓದಿ. ಕೀವರ್ಡ್‌ಗೆ ಗೆರೆ ಹಾಕಿ. ಆ ಪದ ಪ್ಯಾಸೇಜಿನಲ್ಲಿ ಎಲ್ಲಿದೆ ಹುಡುಕಿ. ಅದರ ಅಕ್ಕಪಕ್ಕದ ಎರಡು ಸಾಲು ನೋಡಿ ಉತ್ತರ ಬರೆಯಿರಿ."

ನಾನಿರುವ ಹೈದರಾಬಾದಿನ ಉಪ್ಪಲ್‌ನಲ್ಲಿ ಐಇಎಲ್‌ಟಿಎಸ್ ಪರೀಕ್ಷೆಗೆ ತಯಾರಾಗುತ್ತಿರುವ ಹುಡುಗರನ್ನು, ಹುಡುಗಿಯರನ್ನು ಕೇಳಿ ನೋಡಿ. ಈ ಐದು ವಾಕ್ಯಗಳನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ಮೊದಲನೆಯ ದಿನದ ಕ್ಲಾಸಿನಲ್ಲೇ ಇದನ್ನು ಕಲಿಸಿರುತ್ತಾರೆ. ಸ್ಕಿಮ್ಮಿಂಗ್, ಸ್ಕ್ಯಾನಿಂಗ್ ಎಂದು ಎರಡು ಹೆಸರು ಬೋರ್ಡಿನ ಮೇಲೆ ಬರೆದು, ಎರಡಕ್ಕೂ ಅರ್ಥ ಒಂದೇ ಎಂಬಂತೆ ಮುಂದೆ ಹೋಗುತ್ತಾರೆ: ಓದದೆ ಉತ್ತರ ಹಿಡಿಯುವ ಕಲೆ.

ಈ ಪಾಠ ತಪ್ಪು ಎನ್ನುವುದು ನನ್ನ ವಾದ. ಓದು ಪವಿತ್ರವಾದದ್ದು, ಅದಕ್ಕೆ ಅಡ್ಡದಾರಿ ಹಿಡಿಯಬಾರದು ಎಂಬ ಕಾರಣಕ್ಕಲ್ಲ. ಪರೀಕ್ಷೆ ಪರೀಕ್ಷೆಯೇ, ಅಂಕ ಬರಬೇಕು, ಒಪ್ಪುತ್ತೇನೆ. ಆದರೆ ಈ ದಾರಿಯಲ್ಲಿ ಹೋದರೆ ಅಂಕವೂ ಬರುವುದಿಲ್ಲ, ಸಮಯವೂ ಉಳಿಯುವುದಿಲ್ಲ. ಒಂದು ಸಲ ಪರೀಕ್ಷೆ ಬರೆಯಲು ಈಗ ಹದಿನೇಳು, ಹದಿನೆಂಟು ಸಾವಿರ ರೂಪಾಯಿ ಬೇಕು. ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಾಯಿಸಿಕೊಳ್ಳಲು ಈ ಪರೀಕ್ಷೆಯ ದಾರಿ ಹಿಡಿದವರಿಗೆ ಓದಿನ ಭಾಗದಲ್ಲಿ 7 ಬ್ಯಾಂಡ್ ಬೇಕು. ಅಂದರೆ 40 ಪ್ರಶ್ನೆಗಳಲ್ಲಿ ಸುಮಾರು 30 ಸರಿಯಿರಬೇಕು. 6 ಬ್ಯಾಂಡಿಗೆ ಸುಮಾರು 23 ಸಾಕು. ಈ ಏಳು ಪ್ರಶ್ನೆಗಳ ಅಂತರದಲ್ಲಿ ಒಬ್ಬರ ಎರಡು ವರ್ಷದ ಉಳಿತಾಯ ಕರಗಿಹೋಗಬಹುದು.

ಮೊದಲು ಲೆಕ್ಕ ಹಾಕೋಣ. ಯಾಕೆಂದರೆ "ಓದಲು ಸಮಯವೇ ಇಲ್ಲ" ಎನ್ನುವ ಮಾತಿನ ಮೇಲೆ ಇಡೀ ಪಾಠ ನಿಂತಿದೆ.

ಐಇಎಲ್‌ಟಿಎಸ್ ಅಕಾಡೆಮಿಕ್ ಓದಿನ ಪತ್ರಿಕೆಗೆ 60 ನಿಮಿಷ. ಮೂರು ಪ್ಯಾಸೇಜು, 40 ಪ್ರಶ್ನೆ. ಮೂರೂ ಪ್ಯಾಸೇಜು ಸೇರಿ ಒಟ್ಟು 2,150ರಿಂದ 2,750 ಪದ ಎಂದು ಪರೀಕ್ಷೆ ನಡೆಸುವವರೇ ಹೇಳುತ್ತಾರೆ. ಇಂಗ್ಲಿಷ್ ಸರಾಗವಾಗಿ ಬಲ್ಲ ವಯಸ್ಕರು ಕಥೆಯಲ್ಲದ ಬರಹವನ್ನು ಮನಸ್ಸಿನಲ್ಲಿ ಓದಿಕೊಳ್ಳುವ ಸರಾಸರಿ ವೇಗ ನಿಮಿಷಕ್ಕೆ 238 ಪದ. ಮಾರ್ಕ್ ಬ್ರಿಸ್‌ಬಾರ್ಟ್ ಎಂಬ ಮನೋವಿಜ್ಞಾನಿ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ 2019ರಲ್ಲಿ ಕೊಟ್ಟ ಅಂಕಿ ಇದು. ನಮ್ಮ ಹುಡುಗರಿಗೆ ಇಂಗ್ಲಿಷ್ ಎರಡನೆಯದೋ ಮೂರನೆಯದೋ ಭಾಷೆ, ಅಷ್ಟು ವೇಗ ಬೇಡ. ನಿಮಿಷಕ್ಕೆ 150 ಪದ ಎಂದಿಟ್ಟುಕೊಳ್ಳಿ. 2,750 ಪದಕ್ಕೆ ಹದಿನೆಂಟು ನಿಮಿಷ ಚಿಲ್ಲರೆ. ಮೂರೂ ಪ್ಯಾಸೇಜನ್ನು ಮೊದಲಿನಿಂದ ಕೊನೆಯವರೆಗೆ ಒಂದು ಸಲ ಪೂರ್ತಿ ಓದಿದ ಮೇಲೂ 40 ಪ್ರಶ್ನೆಗೆ 41 ನಿಮಿಷ ಮಿಗುತ್ತದೆ. ನಿಮಿಷಕ್ಕೆ 100 ಪದ ಓದುವವರಿಗೂ ಇಪ್ಪತ್ತೇಳೂವರೆ ನಿಮಿಷದಲ್ಲಿ ಓದು ಮುಗಿದು, ಮೂವತ್ತೆರಡು ನಿಮಿಷ ಕೈಯಲ್ಲಿರುತ್ತದೆ.

ಹಾಗಾದರೆ ಸಮಯ ಹೋಗುವುದೆಲ್ಲಿ?

ನಮ್ಮ ಬೀದಿಯ ಹಾಸ್ಟೆಲಿನಲ್ಲಿ ಬೀದರ್ ಕಡೆಯ ಒಬ್ಬ ಹುಡುಗಿ ಇದ್ದಾಳೆ. ನರ್ಸ್. ಕನ್ನಡ ಮಾತಾಡುವವರು ಸಿಕ್ಕರು ಎಂಬ ಖುಷಿಗೆ ಪರಿಚಯವಾದವಳು, ಭಾಷಾಂತರ ಮಾಡಿ ಬದುಕುವವರಿಗೆ ಇಂಗ್ಲಿಷ್ ಗೊತ್ತಿರಲೇಬೇಕು ಎಂಬ ನಂಬಿಕೆಯಿಂದ ಅಭ್ಯಾಸದ ಪತ್ರಿಕೆ ಹಿಡಿದು ಬಂದಳು. ಅವಳನ್ನು ಕೂರಿಸಿ, ಪೂರ್ತಿ ಪತ್ರಿಕೆ ಬರೆಸಿ, ಪ್ರತಿ ಉತ್ತರದ ಪಕ್ಕ ಗಡಿಯಾರದ ನಿಮಿಷ ಗುರುತು ಹಾಕಲು ಹೇಳಿದೆ. ಮೊದಲ ಪ್ಯಾಸೇಜಿಗೆ 24 ನಿಮಿಷ, ಎರಡನೆಯದಕ್ಕೆ 25, ಮೂರನೆಯದಕ್ಕೆ ಉಳಿದದ್ದು 11. ಮೊದಲೆರಡರಲ್ಲಿ 19 ಸರಿ, ಮೂರನೆಯದರಲ್ಲಿ 3. ಒಟ್ಟು 22. ಗುರುತುಗಳನ್ನು ನೋಡಿದರೆ ಹೆಚ್ಚಿನ ಪ್ರಶ್ನೆಗಳಿಗೆ ಅವಳು ತೆಗೆದುಕೊಂಡದ್ದು ಒಂದು ನಿಮಿಷವೋ ಒಂದೂವರೆಯೋ. ಆದರೆ ಐದು ಪ್ರಶ್ನೆಗಳು ತಲಾ ನಾಲ್ಕು ನಿಮಿಷ ನುಂಗಿದ್ದವು. ಐದು ನಾಲ್ಕಲೆ ಇಪ್ಪತ್ತು, ಅಂದರೆ ಇಡೀ ಒಂದು ಪ್ಯಾಸೇಜಿನ ಸಮಯ. ಆ ಐದರಲ್ಲಿ ನಾಲ್ಕಕ್ಕೆ ಸರಿಯುತ್ತರ 'ನಾಟ್ ಗಿವನ್'.

"ಸಿಗಲೇ ಇಲ್ರೀ ಅಕ್ಕಾ, ಹುಡುಕಿ ಹುಡುಕಿ ಸಾಕಾತು" ಅಂದಳು.

ಸಿಗುವುದು ಹೇಗೆ? ಇಲ್ಲದ್ದನ್ನು ಹುಡುಕುತ್ತಿದ್ದಳು.

'ಟ್ರೂ, ಫಾಲ್ಸ್, ನಾಟ್ ಗಿವನ್' ಬಗೆಯ ಪ್ರಶ್ನೆ ಬರೆಯದವರಿಗಾಗಿ ಒಂದು ವಿವರಣೆ. ಒಂದು ಹೇಳಿಕೆ ಕೊಡುತ್ತಾರೆ. ಪ್ಯಾಸೇಜು ಅದನ್ನು ಒಪ್ಪಿದರೆ ಟ್ರೂ, ಅದಕ್ಕೆ ವಿರುದ್ಧವಾದದ್ದನ್ನು ಹೇಳಿದರೆ ಫಾಲ್ಸ್, ಆ ಬಗ್ಗೆ ಏನನ್ನೂ ಹೇಳದಿದ್ದರೆ ನಾಟ್ ಗಿವನ್. ಮೊದಲೆರಡಕ್ಕೆ ಪ್ಯಾಸೇಜಿನಲ್ಲಿ ಬೆರಳಿಟ್ಟು ತೋರಿಸಬಹುದಾದ ಜಾಗ ಇರುತ್ತದೆ. ಮೂರನೆಯದಕ್ಕೆ ಇರುವುದಿಲ್ಲ. ಒಂದು ಸಂಗತಿ ಒಂದು ಬರಹದಲ್ಲಿ ಇಲ್ಲ ಎಂದು ಧೈರ್ಯವಾಗಿ ಹೇಳಬಲ್ಲವರು ಆ ಬರಹವನ್ನು ಓದಿದವರು ಮಾತ್ರ. ಹುಡುಕುವವರಿಗೆ "ಇನ್ನೊಂದು ಸಲ ನೋಡೋಣ, ಎಲ್ಲೋ ತಪ್ಪಿಹೋಯಿತೇನೋ" ಎಂಬ ಅನುಮಾನ ಬಿಡುವುದಿಲ್ಲ. 'ಪ್ಯಾಸೇಜ್ ಓದಬೇಡಿ' ಎಂದು ಕಲಿಸಿ ಈ ಪ್ರಶ್ನೆಯ ಮುಂದೆ ಕೂರಿಸುವುದು ಕಣ್ಣಿಗೆ ಬಟ್ಟೆ ಕಟ್ಟಿ ಕಾಡಿಗೆ ಬಿಟ್ಟ ಹಾಗೆ.

ಒಂದು ಉದಾಹರಣೆ ಮಾಡಿ ನೋಡೋಣ. ಇಂಗ್ಲಿಷಿನ ಹಂಗು ಬೇಡ, ಕನ್ನಡದಲ್ಲೇ ಒಂದು ಪುಟ್ಟ ಪ್ಯಾಸೇಜು ಬರೆದಿದ್ದೇನೆ. ವಿಷಯ ನಮ್ಮ ಉಪ್ಪಲ್ ಪಕ್ಕದಲ್ಲೇ ಹರಿಯುವ ಮೂಸಿ ನದಿ.

*ಎ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದಿನ ದಡದ ಬಡಾವಣೆಗಳನ್ನು ಕೊಚ್ಚಿಕೊಂಡು ಹೋಯಿತು. ಸಾವಿರಾರು ಜನ ಸತ್ತರು. ನದಿಯ ಸೇತುವೆಗಳಿಗೂ ಹಾನಿಯಾಯಿತು.*

*ಬಿ. ಮರುವರ್ಷ ನಿಜಾಮರ ಸರ್ಕಾರ, ಆಗಷ್ಟೇ ಬೊಂಬಾಯಿ ಸರ್ಕಾರದ ಸೇವೆಯಿಂದ ಹೊರಬಂದಿದ್ದ ಎಂಜಿನಿಯರ್ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿತು. ಊರಿನಲ್ಲಿ ದಡ ಕಟ್ಟಿದರಷ್ಟೇ ಸಾಲದು, ನೀರು ಊರು ತಲುಪುವ ಮೊದಲೇ ಅದನ್ನು ಹಿಡಿದು ನಿಲ್ಲಿಸಬೇಕು ಎಂಬುದು ಅವರ ಸಲಹೆ. ಅದಕ್ಕಾಗಿ ಮೂಸಿಗೂ ಅದರ ಉಪನದಿ ಈಸಿಗೂ ಒಂದೊಂದು ಜಲಾಶಯ ಸೂಚಿಸಿದರು.*

*ಸಿ. 1909ರಲ್ಲೇ ಅವರು ಮುಖ್ಯ ಎಂಜಿನಿಯರ್ ಹುದ್ದೆಗೆಂದು ಮೈಸೂರಿಗೆ ಹೊರಟರು. ಮೂಸಿಯ ಮೇಲಿನ ಉಸ್ಮಾನ್ ಸಾಗರ ಮುಗಿದದ್ದು 1920ರಲ್ಲಿ, ಈಸಿಯ ಮೇಲಿನ ಹಿಮಾಯತ್ ಸಾಗರ 1927ರಲ್ಲಿ. ಪ್ರವಾಹ ತಡೆಯಲು ಕಟ್ಟಿದ ಇವು ಊರಿಗೆ ಕುಡಿಯುವ ನೀರನ್ನೂ ಕೊಟ್ಟವು.*

ಈಗ ಮೂರು ಹೇಳಿಕೆ.

1. ನಗರದ ಒಳಗಿನ ಕಾಮಗಾರಿಯೊಂದರಿಂದಲೇ ನೆರೆ ತಪ್ಪುವುದಿಲ್ಲ ಎಂದು ವಿಶ್ವೇಶ್ವರಯ್ಯ ಭಾವಿಸಿದ್ದರು.
2. ಜಲಾಶಯಗಳ ನಿರ್ಮಾಣ ಮುಗಿಸಿಕೊಟ್ಟ ಮೇಲೆ ವಿಶ್ವೇಶ್ವರಯ್ಯ ಹೈದರಾಬಾದ್ ಬಿಟ್ಟರು.
3. ಹಿಮಾಯತ್ ಸಾಗರಕ್ಕಿಂತ ಉಸ್ಮಾನ್ ಸಾಗರಕ್ಕೆ ಹೆಚ್ಚು ಹಣ ಖರ್ಚಾಯಿತು.

ಕೀವರ್ಡ್ ದಾರಿಯಲ್ಲಿ ಹೋಗಿ. ಮೊದಲನೆಯದರಲ್ಲಿ 'ನಗರ', 'ಕಾಮಗಾರಿ', 'ನೆರೆ' ಎಂಬ ಪದಗಳಿಗೆ ಗೆರೆ ಹಾಕುತ್ತೀರಿ. ಮೂರೂ ಪದ ಪ್ಯಾಸೇಜಿನಲ್ಲಿಲ್ಲ. ಅಲ್ಲಿರುವುದು 'ಊರು', 'ದಡ ಕಟ್ಟಿದರಷ್ಟೇ', 'ಉಕ್ಕಿ'. ಪ್ರಶ್ನೆ ತೆಗೆಯುವವರು ಬೇಕೆಂದೇ ಹೀಗೆ ಪದ ಬದಲಿಸುತ್ತಾರೆ, ಅದೇ ಅವರ ಕೆಲಸ. ಅರ್ಥ ಹಿಡಿದವರಿಗೆ ಉತ್ತರ ತಕ್ಷಣ ಕಾಣುತ್ತದೆ: ಟ್ರೂ.

ಎರಡನೆಯದರಲ್ಲಿ 'ವಿಶ್ವೇಶ್ವರಯ್ಯ', 'ಜಲಾಶಯ'. ಎರಡೂ ಪದ 'ಬಿ'ಯಲ್ಲೇ ಸಿಗುತ್ತವೆ, ಹುಡುಕಿದವರಿಗೆ ಸಂತೋಷ. ಆದರೆ ಉತ್ತರ ಇರುವುದು 'ಸಿ'ಯಲ್ಲಿ. ಅಲ್ಲಿ ಅವರ ಹೆಸರಿಲ್ಲ, 'ಅವರು' ಎಂದಷ್ಟೇ ಇದೆ. 'ಜಲಾಶಯ' ಎಂಬ ಪದವೂ ಇಲ್ಲ, ಎರಡು ಸಾಗರಗಳ ಹೆಸರಿದೆ. ಬರೆಯುವ ಯಾರೂ ಹೆಸರನ್ನು ಪ್ರತಿ ವಾಕ್ಯದಲ್ಲಿ ಮತ್ತೆ ಮತ್ತೆ ಹೇಳುವುದಿಲ್ಲ, ಒಮ್ಮೆ ಹೇಳಿ ಮುಂದೆ ಸರ್ವನಾಮದಲ್ಲಿ ನಡೆಸಿಕೊಂಡು ಹೋಗುತ್ತಾರೆ. ಎಲ್ಲ ಭಾಷೆಯ ಗದ್ಯವೂ ಹೀಗೇ ಸಾಗುವುದು. ಹೆಸರು ಹುಡುಕುವ ಕಣ್ಣು ಸರ್ವನಾಮದ ಮೇಲೆ ನಿಲ್ಲುವುದಿಲ್ಲ. 1909ರಲ್ಲಿ ಹೊರಟರು, ಕೆಲಸ ಮುಗಿದದ್ದು 1920 ಮತ್ತು 1927ರಲ್ಲಿ. ಉತ್ತರ ಫಾಲ್ಸ್.

ಮೂರನೆಯದೇ ಉರುಳು. 'ಉಸ್ಮಾನ್ ಸಾಗರ', 'ಹಿಮಾಯತ್ ಸಾಗರ' ಎರಡೂ ಒಂದೇ ಸಾಲಿನಲ್ಲಿ ಕೈಗೆ ಸಿಗುತ್ತವೆ. ಪಕ್ಕದಲ್ಲಿ ಎರಡು ಅಂಕಿಗಳೂ ಇವೆ. ಹುಡುಕುವವರು ಇಲ್ಲೇ ಉತ್ತರ ಇರಬೇಕು ಎಂದು ಆ ಸಾಲನ್ನು ನಾಲ್ಕು ಸಲ ಓದುತ್ತಾರೆ. ಆಮೇಲೆ 'ಖರ್ಚು' ಎಲ್ಲಾದರೂ ಇದೆಯೇ ಎಂದು ಮೇಲಿನಿಂದ ಶುರು ಮಾಡುತ್ತಾರೆ. ಪ್ಯಾಸೇಜನ್ನು ಒಮ್ಮೆ ಓದಿದವರಿಗೆ ಇಲ್ಲಿ ದುಡ್ಡಿನ ಮಾತೇ ಬಂದಿಲ್ಲ ಎಂದು ಗೊತ್ತು. ನಾಟ್ ಗಿವನ್ ಬರೆದು ಮುಂದೆ ಹೋಗುತ್ತಾರೆ. ನೂರು ಪದವೂ ಇಲ್ಲದ ಈ ಪ್ಯಾಸೇಜಿನಲ್ಲೇ ಇಷ್ಟು ಅಲೆದಾಟವಾದರೆ 900 ಪದದ್ದರಲ್ಲಿ ಏನಾಗಬಹುದು ಊಹಿಸಿ.

ಹಾಗೆಂದು ಸ್ಕ್ಯಾನಿಂಗ್ ಸುಳ್ಳೇ? ಖಂಡಿತ ಅಲ್ಲ. ಅದರ ಜಾಗ ಚಿಕ್ಕದು, ಅಷ್ಟೇ. ಓದುವಾಗ ಕಣ್ಣು ಸಾಲಿನ ಮೇಲೆ ಜಾರುವುದಿಲ್ಲ, ಪುಟ್ಟ ಪುಟ್ಟ ಜಿಗಿತಗಳಲ್ಲಿ ಹೋಗುತ್ತದೆ. ಒಂದೊಂದು ನಿಲುಗಡೆ ಸುಮಾರು ಕಾಲು ಸೆಕೆಂಡು, ಆ ನಿಲುಗಡೆಯಲ್ಲಿ ಸ್ಪಷ್ಟವಾಗಿ ಕಾಣುವುದು ಕೆಲವೇ ಅಕ್ಷರ. ಅದರಾಚೆ ಮಸುಕಿನಲ್ಲಿ ಗುರುತು ಸಿಗುವುದು ಆಕಾರ ಬೇರೆಯಾಗಿರುವ ವಸ್ತು ಮಾತ್ರ: 1908 ಎಂಬ ಅಂಕಿ, ಶೇಕಡಾ ಚಿಹ್ನೆ, ಇಂಗ್ಲಿಷಿನಲ್ಲಾದರೆ ದೊಡ್ಡಕ್ಷರದಿಂದ ಶುರುವಾಗುವ ಹೆಸರು. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಎಂಬುದೇ ಇಲ್ಲ, ಆದ್ದರಿಂದ ಕನ್ನಡ ಮಾಧ್ಯಮದಲ್ಲಿ ಓದಿದವರು ಇದನ್ನು ಬೇಕೆಂದೇ ಅಭ್ಯಾಸ ಮಾಡಿಕೊಳ್ಳಬೇಕು. ಇಸವಿ, ಅಳತೆ, ವಿಜ್ಞಾನಿಯ ಹೆಸರು, ಊರಿನ ಹೆಸರು ಇಂಥವನ್ನು ಕೇಳಿದಾಗ ಧಾರಾಳವಾಗಿ ಹುಡುಕಿ. 'ಕಾರಣ', 'ಪರಿಣಾಮ', 'ಭಾವಿಸಿದ್ದರು' ಇಂಥವಕ್ಕೆ ಆಕಾರವಿಲ್ಲ, ಅವನ್ನು ಹುಡುಕಿ ಹಿಡಿಯಲಾಗದು.

ಸ್ಕಿಮ್ಮಿಂಗ್ ಬೇರೆಯೇ ಕೆಲಸ. ಅದಕ್ಕೆ ನಮ್ಮಲ್ಲಿ 'ಕಣ್ಣಾಡಿಸುವುದು' ಎಂಬ ಒಳ್ಳೆಯ ಮಾತಿದೆ. ಕೀತ್ ರೇನರ್ ಮತ್ತು ಸಂಗಡಿಗರು ವೇಗದ ಓದಿನ ಬಗ್ಗೆ ನಡೆದ ಸಂಶೋಧನೆಗಳನ್ನೆಲ್ಲ 2016ರಲ್ಲಿ ಪರಿಶೀಲಿಸಿ ಮುಟ್ಟಿದ ತೀರ್ಮಾನ ಇದು: ಅರ್ಥ ಕಳೆದುಕೊಳ್ಳದೆ ಓದಿನ ವೇಗವನ್ನು ಎರಡು ಪಟ್ಟು, ಮೂರು ಪಟ್ಟು ಮಾಡಿಕೊಳ್ಳುವುದು ಆಗುವ ಮಾತಲ್ಲ. ಸ್ಥೂಲವಾದ ಅರ್ಥ ಸಾಕು ಎನ್ನುವಾಗ ಕಣ್ಣಾಡಿಸುವುದು ಉಪಯೋಗಕ್ಕೆ ಬರುತ್ತದೆ. ಪರೀಕ್ಷೆಯಲ್ಲಿ ಸ್ಥೂಲ ಅರ್ಥ ಬೇಕಾಗುವುದು ಒಂದೇ ಕಡೆ, ಯಾವ ಪ್ಯಾರಾ ಯಾವ ಕೆಲಸ ಮಾಡುತ್ತಿದೆ ಎಂದು ತಿಳಿಯಲು. ಮೂಸಿಯ ಪ್ಯಾಸೇಜಿನಲ್ಲಿ 'ಎ' ಅನಾಹುತ, 'ಬಿ' ಸಲಹೆ, 'ಸಿ' ಆಮೇಲೆ ಆದದ್ದು. ಒಂದೊಂದು ಪ್ಯಾರಾಕ್ಕೆ ಒಂದೋ ಎರಡೋ ಪದದ ಹಣೆಪಟ್ಟಿ. ಇದು ಕೈಯಲ್ಲಿದ್ದರೆ ಪ್ರಶ್ನೆ ಓದಿದ ಕೂಡಲೇ ಯಾವ ಮನೆಯ ಬಾಗಿಲು ತಟ್ಟಬೇಕು ಎಂದು ಗೊತ್ತಾಗುತ್ತದೆ. ಹುಡುಕಾಟ 900 ಪದದಿಂದ 100 ಪದಕ್ಕೆ ಇಳಿಯುತ್ತದೆ.

ಆ ಹುಡುಗಿಗೆ ಹೇಳಿಕೊಟ್ಟ ಕ್ರಮ ಇದು. ಶೀರ್ಷಿಕೆ ನೋಡು, ನಂತರ ಪ್ಯಾಸೇಜನ್ನು ನಿನ್ನ ಸಹಜ ವೇಗದಲ್ಲಿ ಒಂದೇ ಸಲ ಓದು. ಗೊತ್ತಿಲ್ಲದ ಪದ ಬಂದರೆ ನಿಲ್ಲಬೇಡ, ಹಿಂದಕ್ಕೆ ಹೋಗಬೇಡ. ಪ್ರತಿ ಪ್ಯಾರಾ ಮುಗಿದಾಗ ಹಣೆಪಟ್ಟಿ ಹಾಕು, ಕಾಗದದ ಮೇಲಾದರೆ ಕನ್ನಡದಲ್ಲೇ ಬರಿ. ಕಂಪ್ಯೂಟರಿನಲ್ಲಾದರೆ ಹೈಲೈಟ್ ಮಾಡುವ, ನೋಟ್ ಬರೆಯುವ ಸೌಲಭ್ಯವಿದೆ, ಪ್ಯಾರಾದ ತಿರುಳಿರುವ ಮೂರ್ನಾಲ್ಕು ಪದವನ್ನಷ್ಟೇ ಬಣ್ಣ ಮಾಡು. ಇಷ್ಟಕ್ಕೆ ಏಳು ನಿಮಿಷ. ಪ್ಯಾರಾಗಳಿಗೆ ತಲೆಬರಹ ಹೊಂದಿಸುವ ಪ್ರಶ್ನೆ ಇದ್ದರೆ ಓದು ಬಿಸಿಯಾಗಿರುವಾಗಲೇ ಅದನ್ನು ಮುಗಿಸು, ಹಣೆಪಟ್ಟಿಯೇ ಅರ್ಧ ಉತ್ತರ.

ಆಮೇಲೆ ಪ್ಯಾಸೇಜಿನ ಕ್ರಮದಲ್ಲೇ ಬರುವ ಪ್ರಶ್ನೆಗಳು. ಟ್ರೂ ಫಾಲ್ಸ್, ವಾಕ್ಯ ಪೂರ್ಣಗೊಳಿಸುವುದು, ಆಯ್ಕೆಯ ಪ್ರಶ್ನೆಗಳು ಪ್ಯಾಸೇಜಿನ ಕ್ರಮ ಬಿಡುವುದಿಲ್ಲ. ಇದು ದೊಡ್ಡ ಅನುಕೂಲ. ಐದನೆಯದರ ಉತ್ತರ ಮೂರನೆಯ ಪ್ಯಾರಾದಲ್ಲಿ, ಏಳನೆಯದರದ್ದು ನಾಲ್ಕನೆಯ ಪ್ಯಾರಾದಲ್ಲಿ ಸಿಕ್ಕಿದ್ದರೆ ಆರನೆಯದು ಆ ಎರಡರ ನಡುವೆಯೇ ಇರಬೇಕು. ಆ ನಡುವಿನ ಸಾಲುಗಳಲ್ಲಿ ಇಲ್ಲದಿದ್ದರೆ ನಾಟ್ ಗಿವನ್ ಎಂದು ಬರೆದು ನಡೆ. 'ಈ ಮಾಹಿತಿ ಯಾವ ಪ್ಯಾರಾದಲ್ಲಿದೆ' ಎಂಬ ಬಗೆಗೆ ಕ್ರಮ ಇರುವುದಿಲ್ಲ. ಅದನ್ನು ಕೊನೆಗಿಡು, ಅಷ್ಟರಲ್ಲಿ ಪ್ಯಾಸೇಜು ಚೆನ್ನಾಗಿ ಪರಿಚಯವಾಗಿರುತ್ತದೆ.

ಇನ್ನು ಗಡಿಯಾರ. ಮೂರು ಪ್ಯಾಸೇಜಿಗೆ ಇಪ್ಪತ್ತಿಪ್ಪತ್ತು ನಿಮಿಷ ಎಂದು ಹಂಚಿಕೊಡುವುದು ರೂಢಿ. ಆದರೆ ಪ್ಯಾಸೇಜುಗಳು ಮುಂದಕ್ಕೆ ಹೋದಂತೆ ಕಷ್ಟವಾಗುತ್ತವೆ. 18, 20, 22 ಎಂದಿಟ್ಟುಕೊಳ್ಳುವುದು ಒಳ್ಳೆಯದು. ಅಂದರೆ 18ನೆಯ ನಿಮಿಷಕ್ಕೆ ಎರಡನೆಯ ಪ್ಯಾಸೇಜು, 38ನೆಯ ನಿಮಿಷಕ್ಕೆ ಮೂರನೆಯದು ತೆರೆದಿರಬೇಕು. ಗಡಿಯಾರವನ್ನು ಆ ಗಡಿಗಳಲ್ಲಿ ನೋಡಿದರೆ ಸಾಕು, ಪ್ರತಿ ಪ್ರಶ್ನೆಗೂ ನೋಡಿದರೆ ಅದೇ ಒಂದು ಕೆಲಸವಾಗುತ್ತದೆ. ಒಂದೇ ಪ್ರಶ್ನೆಗಾಗಿ ಅದೇ ಪ್ಯಾರಾಕ್ಕೆ ಎರಡನೆಯ ಸಲ ಬಂದಿದ್ದೀಯ ಎಂದು ಅರಿವಾದರೆ ಅದೇ ಎಚ್ಚರಿಕೆಯ ಗಂಟೆ. ತೋಚಿದ ಉತ್ತರ ಬರೆ, ಗುರುತು ಹಾಕು, ಮುಂದೆ ಹೋಗು. ಇಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಖಾಲಿ ಬಿಟ್ಟರಷ್ಟೇ ನಷ್ಟ. ಕಾಗದದಲ್ಲಿ ಬರೆಯುವವರು ಇನ್ನೊಂದು ನೆನಪಿಡಬೇಕು: ಉತ್ತರ ಪತ್ರಿಕೆಗೆ ಇಳಿಸಿಕೊಳ್ಳಲು ಓದಿನ ಭಾಗದಲ್ಲಿ ಹೆಚ್ಚುವರಿ ಸಮಯ ಕೊಡುವುದಿಲ್ಲ. ಆಗಾಗಲೇ ಅಲ್ಲೇ ಬರೆಯಬೇಕು.

ಆರು ವಾರ ಹೀಗೆ ಅಭ್ಯಾಸ ಮಾಡಿದ ಮೇಲೆ ಅವಳ ಮೂರನೆಯ ಪ್ಯಾಸೇಜು ಖಾಲಿ ಉಳಿಯುವುದು ನಿಂತಿದೆ. ಕಳೆದ ವಾರದ ಪತ್ರಿಕೆಯಲ್ಲಿ 28 ಸರಿ. ಇನ್ನೂ ಎರಡು ಬೇಕು. ಉಳಿದ ತಪ್ಪುಗಳನ್ನು ನೋಡಿದರೆ ಹೆಚ್ಚಿನವು ಪದ ಗೊತ್ತಿಲ್ಲದೆ ಆದದ್ದು, ಅದಕ್ಕೆ ಗಡಿಯಾರದಲ್ಲಿ ಮದ್ದಿಲ್ಲ.

ಕೋಚಿಂಗಿನವರ ಪರವಾಗಿ ಒಂದು ಮಾತಿದೆ, ಅದನ್ನು ಮರೆಮಾಚುವುದು ನ್ಯಾಯವಲ್ಲ. "ನಮ್ಮಲ್ಲಿ ಬರುವವರ ಓದು ಬಹಳ ನಿಧಾನ. ಓದಿಸಲು ಹೋದರೆ ಮೊದಲ ಪ್ಯಾಸೇಜಿನಲ್ಲೇ ಗಂಟೆ ಹೊಡೆಯುತ್ತದೆ. ಹುಡುಕಿದರೆ ನಾಲ್ಕು ಉತ್ತರವಾದರೂ ಸಿಗುತ್ತದೆ" ಎನ್ನುತ್ತಾರೆ. ನಿಮಿಷಕ್ಕೆ 70, 80 ಪದ ಓದುವವರ ಮಟ್ಟಿಗೆ ಇದು ನಿಜ, ಅವರಿಗೆ ಓದು ಮುಗಿಸಲೇ 35 ನಿಮಿಷ ಬೇಕು. ಆದರೆ ಅಂಥವರಿಗೆ ಹೇಳಬೇಕಾದ ಪ್ರಾಮಾಣಿಕವಾದ ಮಾತು "ಕೀವರ್ಡ್ ಹುಡುಕು" ಎಂಬುದಲ್ಲ. "ಈಗಲೇ ಫೀಸು ಕಟ್ಟಬೇಡ, ನಾಲ್ಕು ತಿಂಗಳು ದಿನಕ್ಕೆ ಅರ್ಧ ಗಂಟೆ ಇಂಗ್ಲಿಷ್ ಓದಿಕೊಂಡು ಬಾ" ಎಂಬುದು. ಹುಡುಕಿ ಸಿಗುವ ನಾಲ್ಕು ಉತ್ತರದಿಂದ 7 ಬ್ಯಾಂಡ್ ಬರುವುದಿಲ್ಲ.

ಇನ್ನೊಂದು ಆಕ್ಷೇಪವೂ ಬರುತ್ತದೆ, ಬ್ಯಾಂಕ್ ಪರೀಕ್ಷೆಗಳಲ್ಲಿ ಈ ಹುಡುಕಾಟ ನಡೆಯುತ್ತದಲ್ಲ ಎಂದು. ಐಬಿಪಿಎಸ್ ಪಿಒ ಪ್ರಿಲಿಮ್ಸಿನಲ್ಲಿ ಇಂಗ್ಲಿಷಿಗೆ 20 ನಿಮಿಷ, 30 ಪ್ರಶ್ನೆ, ತಪ್ಪಿಗೆ ಕಾಲು ಅಂಕ ಕಡಿತ. ಓದಿನ ಪ್ಯಾಸೇಜು ಅದರಲ್ಲಿ ಒಂದು ಭಾಗ ಮಾತ್ರ. ಕಷ್ಟವಾದದ್ದನ್ನು ಬಿಟ್ಟು ವ್ಯಾಕರಣದ ಪ್ರಶ್ನೆಗೆ ಹೋಗುವ ಸ್ವಾತಂತ್ರ್ಯ ಅಲ್ಲಿದೆ. ಐಇಎಲ್‌ಟಿಎಸ್ ಓದಿನಲ್ಲಿ ಹೋಗಲು ಬೇರೆ ಜಾಗವಿಲ್ಲ, 40ಕ್ಕೆ 40 ಪ್ರಶ್ನೆಯೂ ಓದಿನದೇ. ಒಂದು ಪರೀಕ್ಷೆಯ ಉಪಾಯವನ್ನು ಇನ್ನೊಂದಕ್ಕೆ ತಂದು ಹಚ್ಚಬಾರದು.

ಉಪ್ಪಲ್‌ನಲ್ಲಿ ಮೆಟ್ರೊ ಹತ್ತಿದರೆ ನಾಲ್ಕನೆಯ ನಿಲ್ದಾಣ ತಾರ್ನಾಕ. ಇಂಗ್ಲಿಷ್ ಕಲಿಸುವುದು ಹೇಗೆ ಎಂದು ಯೋಚಿಸಲೆಂದೇ 1958ರಲ್ಲಿ ಶುರುವಾದ ಸಂಸ್ಥೆ, ಇಂದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ, ಅಲ್ಲೇ ಇದೆ. ಅದರ ನೆರಳಿನಲ್ಲೇ ಓದಬೇಡಿ ಎಂಬ ಪಾಠಕ್ಕೆ ಹಣ ಕಟ್ಟಿಸಿಕೊಳ್ಳುತ್ತಾರೆ. ಕಾರಣ ಸರಳ. ಉಪಾಯವನ್ನು ಒಂದು ವಾರದಲ್ಲಿ ಮಾರಬಹುದು, ಓದನ್ನು ಮಾರಲು ಬರುವುದಿಲ್ಲ.

ನಿಮ್ಮ ಮನೆಯಲ್ಲಿ ಯಾರಾದರೂ ಈ ಪರೀಕ್ಷೆಗೆ ಸೇರಲು ಹೊರಟಿದ್ದರೆ, ಹಣ ಕಟ್ಟುವ ಮೊದಲು ಮನೆಯಲ್ಲೇ ಒಂದು ಕೆಲಸ ಮಾಡಿ. ಹಳೆಯ ಅಭ್ಯಾಸ ಪತ್ರಿಕೆಯ ಒಂದು ಪ್ಯಾಸೇಜು ತೆಗೆದುಕೊಂಡು ಪದ ಎಣಿಸಿ. ಫೋನಿನಲ್ಲಿ ಸಮಯ ಹಚ್ಚಿ ಒಮ್ಮೆ ಓದಿಸಿ. ಓದಿ ಮುಗಿಸಿದ ಮೇಲೆ ಪ್ಯಾಸೇಜು ಮುಚ್ಚಿ, ಒಂದೊಂದು ಪ್ಯಾರಾದಲ್ಲಿ ಏನಿತ್ತು ಎಂದು ಕನ್ನಡದಲ್ಲಿ ಹೇಳಿಸಿ. ಪದಗಳನ್ನು ನಿಮಿಷದಿಂದ ಭಾಗಿಸಿ. 120ಕ್ಕೆ ಮೇಲಿದ್ದು ಪ್ಯಾರಾಗಳ ಸಾರ ಹೇಳಬಲ್ಲರಾದರೆ ಅವರಿಗೆ ಬೇಕಿರುವುದು ಗಡಿಯಾರದ ಅಭ್ಯಾಸವಷ್ಟೆ. 100ಕ್ಕೆ ಕೆಳಗಿದ್ದರೆ ಬೇಕಿರುವುದು ಓದು. ಕೋಚಿಂಗಿಗೆ ಹೋಗಿ ವಿಚಾರಿಸುವಾಗಲೂ ಇದೊಂದನ್ನೇ ಕೇಳಿ: ಮೊದಲ ದಿನ ನನ್ನ ಓದಿನ ವೇಗ ಅಳೆಯುತ್ತೀರಾ? ಅಳೆಯುವುದಿಲ್ಲ ಎಂದರೆ, ನಿಮ್ಮಿಂದ ಏನು ಆಗಬೇಕಾಗಿದೆ ಎಂದು ಅವರಿಗೂ ಗೊತ್ತಿಲ್ಲ.